ನೀರಿಲ್ಲದ ಕ್ಯಾರಮೆಲ್: ಗಂಟು, ಕಪ್ಪು, ಕಹಿ

"ನೀರು ಹಾಕದೆ ಸಕ್ಕರೆ ಕರಗಿಸೋಕೆ ಹೋದ್ರೆ ಒಂದು ಕಡೆ ಗಂಟು ಗಂಟು, ಇನ್ನೊಂದು ಕಡೆ ಕಪ್ಪು. ಬಣ್ಣ ಚೆನ್ನಾಗಿ ಬಂತು ಅಂದುಕೊಂಡ್ರೂ ತಿಂದ ಮೇಲೆ ನಾಲಿಗೆ ಕಹಿ. ಎಲ್ಲಿ ತಪ್ಪುತ್ತೆ?"

ಮೂರೂ ಹೆಚ್ಚಾಗಿ ಒಂದೇ ತಪ್ಪಿನಿಂದ ಆಗುತ್ತವೆ. ಪಾತ್ರೆಯ ಒಂದು ಭಾಗದ ಸಕ್ಕರೆ ಮುಂದೆ ಓಡಿರುತ್ತದೆ, ಇನ್ನೊಂದು ಭಾಗದ್ದು ಹಿಂದೆ ಉಳಿದಿರುತ್ತದೆ. ಹಿಂದೆ ಉಳಿದದ್ದು ಗಂಟು. ಮುಂದೆ ಓಡಿದ್ದು ಕಪ್ಪು. ಗಂಟು ಕರಗಲಿ ಎಂದು ಉರಿ ಜಾಸ್ತಿ ಮಾಡುತ್ತೀರಿ, ಮುಂದೆ ಓಡಿದ್ದು ಸುಟ್ಟು ಉಳಿದದ್ದರಲ್ಲೆಲ್ಲ ಬೆರೆಯುತ್ತದೆ. ಅದೇ ಕಹಿ.

ನಮಗೆ ಪಾಕದ ಅಭ್ಯಾಸ ಇದೆಯಲ್ಲ, ಅದೇ ಇಲ್ಲಿ ಕೈಕೊಡುತ್ತದೆ. ಮೈಸೂರು ಪಾಕ್‌ಗೆ ಒಂದೆಳೆ ಪಾಕ ಮಾಡುವಾಗ ಅದರಲ್ಲಿ ನೀರಿರುತ್ತದೆ. ನೀರು ಇರುವವರೆಗೆ ಪಾಕದ ಬಿಸಿ ನೂರು ಡಿಗ್ರಿಗಿಂತ ತುಂಬಾ ಮೇಲೆ ಹೋಗುವುದಿಲ್ಲ. ನೀರೇ ಲಗಾಮು. ಒಣ ಸಕ್ಕರೆಗೆ ಆ ಲಗಾಮಿಲ್ಲ. ತಳಕ್ಕೆ ತಾಗಿದ ಹರಳು ನೇರವಾಗಿ 160, 170 ಡಿಗ್ರಿಗೆ ಹೋಗಿ ಕರಗುತ್ತಲೇ ಬಣ್ಣ ತಿರುಗುತ್ತದೆ. ಅದರ ಮೇಲೆ ಕೂತ ಹರಳು ಮಾತ್ರ ಇನ್ನೂ ತಣ್ಣಗಿರುತ್ತದೆ. ಹಾಗಾಗಿ ಇಲ್ಲಿ ಇಡೀ ಕೆಲಸ ಎಂದರೆ ಮೊದಲ ಹರಳು ಮತ್ತು ಕೊನೆಯ ಹರಳಿನ ನಡುವಿನ ಅಂತರ ಕಡಿಮೆ ಮಾಡುವುದು.

ನಾನು ಕ್ಯಾರಮೆಲ್ ಪುಡ್ಡಿಂಗ್‌ಗೆ ಮಾಡುವ ರೀತಿಯನ್ನೇ ಹೇಳುತ್ತೇನೆ. ಆರು ಇಂಚಿನ ಒಂದು ಡಬ್ಬಿಗೆ 100 ಗ್ರಾಂ ಸಕ್ಕರೆ ಸಾಕು. ಅಂಗಡಿ ಸಕ್ಕರೆಯ ಹರಳು ದಪ್ಪ ಇದ್ದರೆ ಮಿಕ್ಸಿಯಲ್ಲಿ ಒಂದೆರಡು ಸುತ್ತು ತಿರುಗಿಸಿ ಸಣ್ಣ ರವೆಯಂತೆ ಮಾಡಿಕೊಳ್ಳಿ. ಹಿಟ್ಟಿನಂತೆ ನುಣ್ಣಗೆ ಬೇಡ, ಅದು ಒತ್ತಿಕೊಂಡು ಗಂಟು ಕಟ್ಟುತ್ತದೆ. ಐಸಿಂಗ್ ಶುಗರ್ ಅಂತೂ ಬೇಡವೇ ಬೇಡ, ಅದರಲ್ಲಿ ಸಾಮಾನ್ಯವಾಗಿ ಮೆಕ್ಕೆಜೋಳದ ಪಿಷ್ಟ ಬೆರೆತಿರುತ್ತದೆ. ಮಳೆಗಾಲದಲ್ಲಿ ಸಕ್ಕರೆ ಡಬ್ಬದಲ್ಲೇ ಪಸೆಯಾಗಿದ್ದರೆ ತಟ್ಟೆಯಲ್ಲಿ ಹರಡಿ ಒಣಗಿಸಿ.

ಪಾತ್ರೆ ತಳ ದಪ್ಪ ಇರಬೇಕು, ಚಪ್ಪಟೆ ಇರಬೇಕು, ಒಳಗಿನ ಬಣ್ಣ ಬಿಳಿ ಅಥವಾ ಸ್ಟೀಲ್ ಇರಬೇಕು. ನಾನು ಮೊದಲ ಸಲ ಮಾಡಿದ್ದು ಕಪ್ಪು ನಾನ್‌ಸ್ಟಿಕ್‌ನಲ್ಲಿ. ಕಪ್ಪಿನ ಮೇಲೆ ಕಂದು ಎಲ್ಲಿ ಕಾಣಬೇಕು? ಪುಡ್ಡಿಂಗ್ ತಿಂದು ನಮ್ಮ ಮಾವನವರು "ಕಾಫಿ ಡಿಕಾಕ್ಷನ್ ಹಾಕಿದ್ದೀಯೇನಮ್ಮಾ?" ಅಂದರು, ಪಾಪ, ಹೊಗಳಿಕೆಯಾಗಿಯೇ. ಮನೆಯಲ್ಲಿ ತೆಳು ಪಾತ್ರೆ ಮಾತ್ರ ಇದ್ದರೆ ಅದರಡಿ ದೋಸೆ ಹೆಂಚು ಇಡಿ. ಗ್ಯಾಸ್ ಉರಿ ಬಳೆಯಾಕಾರದಲ್ಲಿ ಬರುತ್ತದಲ್ಲ, ತೆಳು ತಳದಲ್ಲಿ ಅದೇ ಬಳೆ ಕಪ್ಪಾಗಿ ಮೂಡುತ್ತದೆ. ಹೆಂಚು ಆ ಬಿಸಿಯನ್ನು ಹರಡುತ್ತದೆ.

ಎಲ್ಲ ಸಕ್ಕರೆಯನ್ನೂ ಒಟ್ಟಿಗೆ ಸುರಿಯಬೇಡಿ. ಮೊದಲು ಎರಡು ಮೂರು ಚಮಚ, ತಳ ಮುಚ್ಚುವಷ್ಟು ತೆಳುವಾಗಿ ಹರಡಿ. ಉರಿ ಸಣ್ಣದಕ್ಕಿಂತ ಸ್ವಲ್ಪ ಮೇಲೆ. ಈಗ ಕೈ ಕಟ್ಟಿ ನಿಲ್ಲಿ. ಎರಡು ಮೂರು ನಿಮಿಷ ಏನೂ ಆಗಲ್ಲ, ಆಮೇಲೆ ಅಲ್ಲಲ್ಲಿ ಹರಳು ಗಾಜಿನಂತಾಗಿ, ನೀರಾಗಿ, ಹೊಂಬಣ್ಣಕ್ಕೆ ತಿರುಗುತ್ತದೆ. ಆಗ ಪಾತ್ರೆಯನ್ನು ಹಿಡಿದು ಅಲುಗಿಸಿ, ಕರಗಿದ್ದು ಕರಗದ್ದರ ಮೇಲೆ ಹರಿಯಲಿ. ಮೊದಲ ಪದರ ಪೂರ್ತಿ ಕರಗಿದ ಮೇಲೆ ಮುಂದಿನ ಎರಡು ಚಮಚ ಉದುರಿಸಿ. ಎಲ್ಲಿ ಬಣ್ಣ ಜಾಸ್ತಿ ಆಗಿದೆಯೋ ಅಲ್ಲೇ ಉದುರಿಸಿ. ಕರಗಿದ ಸಕ್ಕರೆ ಹೊಸದನ್ನು ಸುತ್ತಲಿಂದಲೂ ಮುಳುಗಿಸಿ ಬೇಗ ಕರಗಿಸುತ್ತದೆ, ಹೊಸದು ಹಳೆಯದರ ಬಿಸಿ ಇಳಿಸುತ್ತದೆ. ಓಡುವವನನ್ನು ತಡೆದು ಹಿಂದಿನವನನ್ನು ಎಳೆದುಕೊಂಡ ಹಾಗೆ. ಹೀಗೆ ಐದಾರು ಸಲಕ್ಕೆ ನೂರು ಗ್ರಾಂ ಮುಗಿಯುತ್ತದೆ. ನನ್ನ ಒಲೆಯಲ್ಲಿ ಸುಮಾರು ಹತ್ತು ನಿಮಿಷ.

ತಿರುವಲೇಬೇಕು ಅನ್ನಿಸಿದರೆ ಒಣಗಿದ, ಬಿಸಿ ತಡೆಯುವ ಸಿಲಿಕೋನ್ ಸೌಟಿನಿಂದ ಅಂಚಿನದ್ದನ್ನು ಒಳಗೆ ಎಳೆಯಿರಿ, ಅಷ್ಟೇ. ಗರಗರ ತಿರುವಿದರೆ ಅರೆ ಕರಗಿದ್ದು ತಣ್ಣನೆಯ ಹರಳುಗಳಿಗೆ ಅಂಟಿಕೊಂಡು ಉಂಡೆ ಕಟ್ಟುತ್ತದೆ. ಉಂಡೆಯ ಒಳಗೆ ಬಿಸಿ ಹೋಗುವುದು ನಿಧಾನ.

ಹಾಗಿದ್ದೂ ಗಂಟಾಯಿತು ಅನ್ನಿ. ಗಾಬರಿ ಬೇಡ. ಇಲ್ಲಿನ ಗಂಟು ಸಕ್ಕರೆ ಪಾಕ ಹರಳುಗಟ್ಟಿದ ಹಾಗಲ್ಲ. ಪಾಕದಲ್ಲಿ ಕರಗಿದ ಸಕ್ಕರೆ ಮತ್ತೆ ಹರಳಾಗುತ್ತದೆ. ಇಲ್ಲಿ ಹೆಚ್ಚಿನದು ಇನ್ನೂ ಕರಗದೇ ಉಳಿದ ಸಕ್ಕರೆ. ಉರಿಯನ್ನು ಪೂರ್ತಿ ಸಣ್ಣಗೆ ಮಾಡಿ, ಗಂಟನ್ನು ಕರಗಿದ ಕಡೆಗೆ ತಳ್ಳಿ ಬಿಟ್ಟುಬಿಡಿ. ಅಷ್ಟರಲ್ಲಿ ಬಣ್ಣ ಸಾಕಾಗಿಬಿಟ್ಟರೆ ಗಂಟನ್ನು ಚಮಚದಲ್ಲಿ ಎತ್ತಿ ಬಿಸಾಕಿ. ಹತ್ತು ಗ್ರಾಂ ಸಕ್ಕರೆ ಉಳಿಸಲು ಹೋಗಿ ತೊಂಬತ್ತು ಗ್ರಾಂ ಸುಡುವುದು ಯಾವ ಲೆಕ್ಕ? ಕೆಲವರು ನಿಂಬೆರಸ ಹಾಕಲಾ ಅಂತಾರೆ. ಅದು ನೀರು ಹಾಕಿ ಮಾಡುವ ಪಾಕದ ಉಪಾಯ. ಬಿಸಿ ಒಣ ಕ್ಯಾರಮೆಲ್‌ಗೆ ಹಿಂಡಿದರೆ ಮುಖಕ್ಕೆ ಸಿಡಿಯುತ್ತದೆ.

ಇನ್ನು ಕಹಿಯ ವಿಷಯ. ಪಾತ್ರೆಯಲ್ಲಿ ಕಾಣುವ ಬಣ್ಣವನ್ನು ನಂಬಬೇಡಿ. ಪದರ ದಪ್ಪ ಇದ್ದಷ್ಟೂ ಕಪ್ಪು ಕಾಣುತ್ತದೆ, ತೆಳುವಾಗಿದ್ದರೆ ತಿಳಿಯಾಗಿ ಕಾಣುತ್ತದೆ. ಪಕ್ಕದಲ್ಲಿ ಒಂದು ಬಿಳಿ ತಟ್ಟೆ ಇಟ್ಟುಕೊಂಡು ಒಂದು ಹನಿ ಬಿಡಿ. ಹಾಲು ಹಾಕದ ಚಹಾದ ಬಣ್ಣ ಬಂದರೆ ನನಗೆ ಸಾಕು, ಅದು ಸುಮಾರು 175 ಡಿಗ್ರಿ. ಮೂಗೂ ಹೇಳುತ್ತದೆ. ಮೊದಲು ವಾಸನೆಯೇ ಇರುವುದಿಲ್ಲ. ಆಮೇಲೆ ಬೆಣ್ಣೆ ಕಾಯಿಸಿದಂಥ, ಹುರಿದ ಗೋಡಂಬಿಯಂಥ ಘಮ. ಇಳಿಸುವ ಹೊತ್ತು ಅದೇ. ಸಣ್ಣ ಸಣ್ಣ ಗುಳ್ಳೆಯ ನೊರೆ ಏಳಲು ಶುರುವಾಗಿ, ಹೊಗೆಯ ಎಳೆ ಕಂಡರೆ ನಿಮಗೆ ಉಳಿದಿರುವುದು ಕೆಲವೇ ಸೆಕೆಂಡು. ಕಣ್ಣು ಚುರುಗುಟ್ಟಿತು ಅಂದರೆ ಮುಗಿಯಿತು. ಸುಟ್ಟದ್ದಕ್ಕೆ ಮತ್ತೆ ಸಕ್ಕರೆ, ಕೆನೆ ಏನು ಹಾಕಿದರೂ ಕಹಿ ಹೋಗುವುದಿಲ್ಲ.

ಬಹಳ ಜನ ಸೋಲುವುದು ಒಲೆ ಆರಿಸಿದ ಮೇಲೆ. ದಪ್ಪ ತಳ ಬಿಸಿ ಹಿಡಿದಿಟ್ಟುಕೊಂಡು ಅರ್ಧ ನಿಮಿಷ ಬೇಯಿಸುತ್ತಲೇ ಇರುತ್ತದೆ. ಬಣ್ಣ ಚೆನ್ನಾಗಿತ್ತು, ಆದರೂ ಕಹಿ ಅನ್ನುವವರ ಕಥೆ ಹೆಚ್ಚಾಗಿ ಇದೇ. ಬೇಕಾದ ಬಣ್ಣಕ್ಕಿಂತ ಒಂದು ಮೆಟ್ಟಿಲು ಮೊದಲೇ ಇಳಿಸಿ, ತಕ್ಷಣ ಡಬ್ಬಿಗೆ ಸುರಿಯಿರಿ. ಸುರಿಯುವ ಮುಂಚೆ ಡಬ್ಬಿಯನ್ನು ಒಣ ಬಟ್ಟೆಯಲ್ಲಿ ಹಿಡಿದುಕೊಂಡಿರಿ, ಕ್ಷಣದಲ್ಲಿ ಅದು ಮುಟ್ಟಲಾಗದಷ್ಟು ಕಾಯುತ್ತದೆ. ಮಕ್ಕಳು ಅಡುಗೆಮನೆಯಲ್ಲಿ ಬೇಡ. ಈ ಸಕ್ಕರೆ ಕುದಿಯುವ ನೀರಿಗಿಂತ ಬಹಳ ಬಿಸಿ, ಮೇಲಾಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಡಬ್ಬಿಯಲ್ಲಿನ ಕ್ಯಾರಮೆಲ್ ಆರುವಾಗ ಟಿಕ್ ಟಿಕ್ ಎಂದು ಬಿರುಕು ಬಿಟ್ಟರೆ ಯೋಚನೆ ಬೇಡ. ಪುಡ್ಡಿಂಗ್ ಬೇಯುವಾಗ, ಆಮೇಲೆ ರಾತ್ರಿಯಿಡೀ ಫ್ರಿಜ್‌ನಲ್ಲಿರುವಾಗ ಅದರ ಪಸೆಗೆ ಈ ಗಾಜು ಕರಗಿ ರಸವಾಗುತ್ತದೆ.

ಕ್ರಿಸ್‌ಮಸ್ ಪ್ಲಮ್ ಕೇಕ್‌ಗಾದರೆ ನಾನು ಇದನ್ನೇ ಇನ್ನೊಂದು ಮೆಟ್ಟಿಲು ಮುಂದೆ, ಮೊದಲ ಹೊಗೆ ಕಾಣುವವರೆಗೆ ಬಿಡುತ್ತೇನೆ. ಅಲ್ಲಿ ಸ್ವಲ್ಪ ಕಹಿ ಬೇಕು, ಒಣದ್ರಾಕ್ಷಿಯ ಸಿಹಿಗೆ ಅದು ಎದುರು ನಿಲ್ಲುತ್ತದೆ. ಒಲೆ ಆರಿಸಿ, ಮುಖ ಹಿಂದಿಟ್ಟು, ಕಾಲು ಕಪ್ ಬಿಸಿ ನೀರನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತೇನೆ. ಬುಸ್ಸೆಂದು ಉಕ್ಕಿ ಅಲ್ಲಲ್ಲಿ ಕಲ್ಲಾಗುತ್ತದೆ. ಮತ್ತೆ ಸಣ್ಣ ಉರಿಯಲ್ಲಿಟ್ಟರೆ ಕರಗುತ್ತದೆ. ಪುಡ್ಡಿಂಗ್ ಮಾಡಿದ ಪಾತ್ರೆಗೂ ಅದೇ ಉಪಾಯ. ಉಜ್ಜಬೇಡಿ, ನೀರು ಹಾಕಿ ಕುದಿಸಿ.