‘ಹುರಿ’ ಅಂದರೆ ಫ್ರೈ ಅಲ್ಲ

“ಅಜ್ಜಿ ಬರೆಸಿದ ಹುಳಿಯ ವಿಧಾನವನ್ನು ಹೊರದೇಶದಲ್ಲಿರುವ ಮಗಳಿಗೆ ಇಂಗ್ಲಿಷಿನಲ್ಲಿ ಬರೆದುಕೊಡಬೇಕು. ಪದಕ್ಕೆ ಪದ ಹಾಕಿದರೆ ಸಾಲದೇ?”

ಸಾಲದು. ಮೊದಲು ಕೆಡುವುದು ಕ್ರಿಯಾಪದ. ಕೊತ್ತಂಬರಿಬೀಜ, ಕಡಲೆಬೇಳೆ, ಮೆಣಸಿನಕಾಯಿ ‘ಹುರಿದು’ ಅಂತ ಅಜ್ಜಿ ಹೇಳಿರುತ್ತಾರೆ. ಅದನ್ನು ‘ಫ್ರೈ’ ಅಂದರೆ ಓದುವವರು ಬಾಣಲೆಗೆ ಧಾರಾಳವಾಗಿ ಎಣ್ಣೆ ಸುರಿಯುತ್ತಾರೆ. ಪುಡಿ ಮುದ್ದೆಗಟ್ಟುತ್ತದೆ, ಇಟ್ಟರೆ ಬೇಗ ಕಮಟುತ್ತದೆ. ಎಣ್ಣೆ ಇಲ್ಲದಿದ್ದರೆ ‘ಡ್ರೈ ರೋಸ್ಟ್’ ಅನ್ನಿ. ಇದ್ದರೆ ಎಷ್ಟು ಚಮಚ ಅಂತ ಬರೆಯಿರಿ. ಕಡಲೆಬೇಳೆ ಹೊಂಬಣ್ಣಕ್ಕೆ ಬರುವ ತನಕ ಅನ್ನುವುದನ್ನೂ ಸೇರಿಸಿ, ನಿಮಿಷಕ್ಕಿಂತ ಬಣ್ಣ ನಂಬಿಕೆಯದು.

‘ರುಬ್ಬು’ವಿನ ತೊಂದರೆ ಇದರ ತಿರುವುಮುರುವು. ರುಬ್ಬು ಅಂದ ಕೂಡಲೇ ನಮಗೆ ನೀರು ನೆನಪಾಗುತ್ತದೆ. ಇಂಗ್ಲಿಷಿನ ‘ಗ್ರೈಂಡ್’ನಲ್ಲಿ ಪುಡಿ ಮಾಡುವುದು, ಬೀಸುವುದು, ರುಬ್ಬುವುದು ಮೂರೂ ಅಡಗಿವೆ. ಹಾಗಾಗಿ ‘ಅರ್ಧ ಕಪ್ ನೀರು ಹಾಕಿ ನುಣ್ಣನೆಯ ಪೇಸ್ಟ್’ ಅಂತ ಬಿಡಿಸಿಯೇ ಹೇಳಬೇಕು. ಜೊತೆಗೆ ಹಾಕುವ ‘ಕಾಯಿ’ ಹಸಿ ತೆಂಗಿನಕಾಯಿಯ ತುರಿ. ಬರೀ ‘ಕೋಕೊನಟ್’ ಅಂದರೆ ಕೇಕಿಗೆ ಹಾಕುವ, ಸಕ್ಕರೆ ಬೆರೆಸಿದ ಒಣ ತುರಿ ಬಂದೀತು.

ಅಳತೆಯಲ್ಲಿ ಎಲ್ಲಕ್ಕಿಂತ ಎಡವುವುದು ‘ನಿಂಬೆಹಣ್ಣಿನ ಗಾತ್ರದ ಹುಣಸೆಹಣ್ಣು’. ನಮ್ಮ ನಿಂಬೆ ಪುಟ್ಟದು. ಹೊರದೇಶದ ಅಂಗಡಿಯ ‘ಲೆಮನ್’ ಅದರ ಎರಡು ಮೂರು ಪಟ್ಟು ದಪ್ಪ. ಆ ಲೆಕ್ಕದಲ್ಲಿ ಹಾಕಿದ ಹುಳಿಯನ್ನು ಬೆಲ್ಲವೂ ಸರಿಮಾಡದು. ಉಂಡೆಯನ್ನು ನೀವೇ ತಕ್ಕಡಿಗೆ ಹಾಕಿ, ಸುಮಾರು 25 ಗ್ರಾಂ ಬರುತ್ತದೆ, ಅದನ್ನೇ ಬರೆಯಿರಿ. ಬಾಟಲಿಯ ಗಟ್ಟಿ ರಸಕ್ಕೆ ಈ ತೂಕ ಹೊಂದುವುದಿಲ್ಲ, ಅದನ್ನೂ ತಿಳಿಸಿ. ‘ಪಾವು’ ಕೂಡ ಹಾಗೆಯೇ. ಮನೆಯ ಪಾವಿನ ತುಂಬ ತೊಗರಿಬೇಳೆ ಹಾಕಿ ತೂಗಿ, ಗ್ರಾಂ ಕೊಡಿ. ‘ಒಂದು ಕಪ್’ ಅಂದರೆ ಅಮೆರಿಕದಲ್ಲಿ ಸುಮಾರು 240 ಮಿ.ಲೀ., ರೈಸ್ ಕುಕ್ಕರಿನ ಜೊತೆ ಬರುವ ಕಪ್ಪಿನಲ್ಲಿ 180.

ಇನ್ನು ಅಜ್ಜಿ ಹೇಳದೆ ಬಿಟ್ಟದ್ದು. ಬೇಳೆ, ತರಕಾರಿ ಬೆಂದ ಮೇಲೆಯೇ ಹುಣಸೆರಸ ಹಾಕಬೇಕು ಅನ್ನುವುದು ಅವರಿಗೆ ಹೇಳುವ ಮಾತೇ ಅಲ್ಲ. ಎಲ್ಲವನ್ನೂ ಒಟ್ಟಿಗೆ ಕುಕ್ಕರಿಗೆ ಹಾಕಿದರೆ ಹುಳಿಯ ದೆಸೆಯಿಂದ ಬೇಳೆ ಕರಗುವುದಿಲ್ಲ, ತಿಳಿನೀರು ಮೇಲೆ, ಕಾಳು ಕೆಳಗೆ ನಿಲ್ಲುತ್ತದೆ. ಈ ಕ್ರಮವನ್ನು ಪ್ರತ್ಯೇಕ ಸಾಲಾಗಿ ಬರೆಯಿರಿ. ‘ಹಸಿ ವಾಸನೆ ಹೋಗುವ ತನಕ’ ಅನ್ನುವಲ್ಲಿ, ಮಸಾಲೆ ಹಾಕಿದ ಮೇಲೆ ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ, ಹಸಿ ಕೊತ್ತಂಬರಿಬೀಜದ ಘಾಟು ಮೂಗಿಗೆ ಬಡಿಯದಷ್ಟು ಹೊತ್ತು ಅನ್ನಿ.

ಹೆಸರು ಮಾತ್ರ ಕನ್ನಡದ್ದನ್ನೇ ಉಳಿಸಿ: ಹುಳಿ.