ಅವರೆಯಲ್ಲದ ಅವರೆ, ಫ್ರಿಜ್‌ನಲ್ಲಿದ್ದ ಟ್ಯೂಬ್

ಫೆಬ್ರವರಿ ತಿಂಗಳು. ರೋಬಸ್ಟಾ ಕೊಯ್ಲು ಜೋರಾಗಿ ನಡೀತಿತ್ತು. ಸಂಜೆ ಹೊತ್ತಿಗೆ ತೋಟದ ಜೀಪಿನಲ್ಲಿ ನಾಲ್ಕು ವರ್ಷದ ಒಬ್ಬ ಹುಡುಗನನ್ನು ಕರೆತಂದರು. ಅಪ್ಪ ಅಮ್ಮ ಜಾರ್ಖಂಡ್‌ನಿಂದ ಬಂದು ಸಿದ್ದಾಪುರದ ಕಡೆಯ ಒಂದು ತೋಟದ ಲೈನ್ ಮನೆಯಲ್ಲಿದ್ದವರು. ಹುಡುಗನ ಕಣ್ಣು ಹಳದಿ, ತುಟಿ ಬೆಳ್ಳಗೆ. ನನ್ನ ಮೇಜಿಗೆ ಬಂದ ಮೂತ್ರದ ಬಾಟಲಿ ನೋಡಿದರೆ ಬೆಲ್ಲ ಹಾಕಿದ ಕರಿ ಕಾಫಿ ತುಂಬಿಟ್ಟ ಹಾಗಿತ್ತು.

ನಾನು ಇಲ್ಲಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಆ ವಾರ ನಾನು ಮಾಡಿದ ಒಂದು ತಪ್ಪನ್ನು ಬರೆಯಬೇಕು ಅಂತ ತುಂಬ ದಿನದಿಂದ ಅಂದುಕೊಂಡಿದ್ದೆ. ನನ್ನ ಹಾಗೆ ಲ್ಯಾಬ್‌ನಲ್ಲಿ ಕೂತವರು ಇದೇ ತಪ್ಪನ್ನು ಮಾಡೋದು ಬಹಳ ಸುಲಭ.

ಮೊದಲು ಸರಿಯಾಗಿ ನಡೆದದ್ದನ್ನು ಹೇಳ್ತೀನಿ. ಮೂತ್ರದಲ್ಲಿ ಸ್ಟ್ರಿಪ್ ಅದ್ದಿದೆ. ರಕ್ತದ ಚೌಕ ಕಡುಹಸಿರಾಯಿತು, ಅಂದರೆ 3+. ಆದರೆ ಅದೇ ಮೂತ್ರವನ್ನು ತಿರುಗಿಸಿ ತಳದ ಹನಿಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಒಂದು ಕೆಂಪು ಕಣವೂ ಇಲ್ಲ. ಕಿಡ್ನಿಯಿಂದಲೋ ಮೂತ್ರಚೀಲದಿಂದಲೋ ರಕ್ತ ಸೋರಿದ್ದರೆ ಕಣಗಳು ಕಾಣಬೇಕು. ಸ್ಟ್ರಿಪ್ ಮಾತ್ರ ರಕ್ತ ಅಂದರೆ, ಸಾಮಾನ್ಯವಾಗಿ ಕಣಗಳು ರಕ್ತನಾಳದ ಒಳಗೇ ಒಡೆದು ಅವುಗಳ ಹಿಮೋಗ್ಲೋಬಿನ್ ಬಿಡಿಯಾಗಿ ಸೋಸಿ ಬಂದಿದೆ ಅಂತ ಅರ್ಥ. ಜಜ್ಜಿದ ಸ್ನಾಯುವಿನಿಂದ ಬರುವ ಮಯೋಗ್ಲೋಬಿನ್ನಿಗೂ ಸ್ಟ್ರಿಪ್ ಹೀಗೇ ಬಣ್ಣ ತಿರುಗುತ್ತೆ. ಆದರೆ ಆಗ ಕಾಮಾಲೆಯೂ ಬಿಳಿಚಿಕೊಳ್ಳುವಿಕೆಯೂ ಹೀಗೆ ಒಟ್ಟಿಗೆ ಬರೋದಿಲ್ಲ. ಹುಡುಗನ ಹಿಮೋಗ್ಲೋಬಿನ್ 5.1 ಇತ್ತು. ಸ್ಲೈಡಿನಲ್ಲಿ ಕೆಂಪು ಕಣಗಳ ಅಂಚು ಅಲ್ಲಲ್ಲಿ ಹಾರಿಹೋಗಿತ್ತು, ಅಕ್ಕಿ ರೊಟ್ಟಿಯ ಅಂಚನ್ನು ಯಾರೋ ಒಂದು ತುತ್ತು ಕಚ್ಚಿದ ಹಾಗೆ.

ಕಣ ಒಡೆಯುವಂಥದ್ದೇನೋ ಹುಡುಗನ ಹೊಟ್ಟೆಗೆ ಹೋಗಿದೆ ಅಂತ ಡಾಕ್ಟರಿಗೆ ಕೂಡಲೇ ಸಂಶಯ ಬಂತು. ಯಾವುದಾದರೂ ಮಾತ್ರೆ ಕೊಟ್ಟಿರಾ? ಇಲ್ಲ. ಬಟ್ಟೆಯ ನಡುವೆ ಇಡುವ ನುಸಿಗುಳಿಗೆ ಬಾಯಿಗೆ ಹಾಕಿಕೊಂಡಿದ್ದನಾ? ಇಲ್ಲ. ಏನು ತಿಂದ? ತಾಯಿ ಏನೋ ಹೇಳಿದಳು. ಜೊತೆಗೆ ಬಂದಿದ್ದ ಮೇಸ್ತ್ರಿ ತನಗೆ ಬರುವ ಅರ್ಧ ಹಿಂದಿಯಲ್ಲಿ ಕೇಳಿಸಿಕೊಂಡು ನಮಗೆ ಹೇಳಿದರು: "ಏನಿಲ್ಲ ಡಾಕ್ಟ್ರೇ, ಮನೆ ಹಿಂದೆ ಬೆಳೆದ ಅವರೆಕಾಳಂತೆ."

ಅವರೆಕಾಳು ಅಂದ ಮೇಲೆ ಮಾತು ಅಲ್ಲಿಗೇ ನಿಂತಿತು. ಚಳಿಗಾಲದಲ್ಲಿ ಅವರೆ ತಿನ್ನದ ಮನೆ ಯಾವುದಿದೆ? ಆ ರಾತ್ರಿ ಮಡಿಕೇರಿಯಿಂದ ರಕ್ತ ತರಿಸಿ ಹುಡುಗನಿಗೆ ಹಾಕಿದರು.

ಮರುದಿನ ಬೆಳಗ್ಗೆ, ಕೆಂಪು ಕಣವನ್ನು ಒಡೆಯದಂತೆ ಕಾಯುವ ಜಿ6ಪಿಡಿ ಎಂಬ ಕಿಣ್ವದ ಪರೀಕ್ಷೆ ಮಾಡಲು ಚೀಟಿ ಬಂತು. ನಾನು ವಾರ್ಡಿಗೆ ಹೋಗಿ ಹೊಸದಾಗಿ ರಕ್ತ ತೆಗೆದುಕೊಂಡು ಬಂದೆ. ನನ್ನ ತಪ್ಪು ಅದೇ.

ನಮ್ಮಲ್ಲಿ ದೊಡ್ಡ ಯಂತ್ರ ಇಲ್ಲ. ಹಳೆಯ ಮೂರು ಟ್ಯೂಬಿನ ಪರೀಕ್ಷೆಯನ್ನೇ ಮಾಡ್ತೀವಿ. ಮೊದಲನೆಯದರಲ್ಲಿ ರಕ್ತದ ಜೊತೆ ಸೋಡಿಯಂ ನೈಟ್ರೈಟ್, ಡೆಕ್ಸ್‌ಟ್ರೋಸ್, ಒಂದಿಷ್ಟು ಮೆಥಿಲೀನ್ ಬ್ಲೂ. ಎರಡನೆಯದರಲ್ಲಿ ಬ್ಲೂ ಒಂದನ್ನು ಬಿಟ್ಟು ಉಳಿದದ್ದು. ಮೂರನೆಯದರಲ್ಲಿ ಬರೀ ರಕ್ತ. 37 ಡಿಗ್ರಿಯಲ್ಲಿ ಮೂರು ಗಂಟೆ ಇಡಬೇಕು. ನೈಟ್ರೈಟ್ ಹಿಮೋಗ್ಲೋಬಿನ್ನನ್ನು ಕಂದು ಮಾಡುತ್ತೆ. ಕಣದಲ್ಲಿ ಜಿ6ಪಿಡಿ ಚೆನ್ನಾಗಿದ್ದರೆ ಮೆಥಿಲೀನ್ ಬ್ಲೂ ನೆರವಿನಿಂದ ಆ ಕಂದು ಮತ್ತೆ ಕೆಂಪಾಗುತ್ತೆ. ಇಲ್ಲದಿದ್ದರೆ ಕಂದಾಗೇ ಉಳಿಯುತ್ತೆ. ಕೊನೆಗೆ ಒಂದೊಂದರಿಂದ ಒಂದೆರಡು ಹನಿಯನ್ನು ನೀರಿಗೆ ಹಾಕಿ ಬಣ್ಣ ಹೋಲಿಸಬೇಕು. ಮೊದಲ ಟ್ಯೂಬು ಮೂರನೆಯದರ ಹಾಗೆ ಕೆಂಪಾಗಿದ್ದರೆ ನಾರ್ಮಲ್, ಎರಡನೆಯದರ ಹಾಗೆ ಕಂದಾಗಿದ್ದರೆ ಕೊರತೆ.

ಹುಡುಗನ ಟ್ಯೂಬು ಕೆಂಪಾಯಿತು. 'ನಾರ್ಮಲ್' ಅಂತ ಬರೆದು ಸಹಿ ಹಾಕಿ ಕಳಿಸಿದೆ.

ಮೂರನೇ ದಿನ ತಾಯಿ ಸೆರಗಿನಲ್ಲಿ ಒಂದು ಹಿಡಿ ಕಾಯಿ ಕಟ್ಟಿಕೊಂಡು ಬಂದು ಲ್ಯಾಬ್ ಬಾಗಿಲಲ್ಲಿ ನಿಂತಳು. ಡಾಕ್ಟರ್ ಮೊದಲ ದಿನ ಊಟದ ವಿಷಯವನ್ನೇ ಎರಡು ಸಲ ಕೇಳಿದ್ದು ಅವಳ ತಲೆಯಲ್ಲಿ ಕೂತಿತ್ತು. ಪಕ್ಕದ ಲೈನಿನವರ ಹತ್ತಿರ ಹೇಳಿ ಕಿತ್ತು ತರಿಸಿದ್ದಳು. ಕಾಯಿ ಕೈಗೆ ತೆಗೆದುಕೊಂಡ ಕೂಡಲೇ ಇದು ಅವರೆ ಅಲ್ಲ ಅನ್ನಿಸಿತು. ಸೊಗಡೇ ಇಲ್ಲ. ಅವರೆಕಾಯಿ ಸುಲಿದ ಕೈ ವಾಸನೆ ಯಾರಿಗೆ ಗೊತ್ತಿಲ್ಲ ಹೇಳಿ? ಈ ಕಾಯಿ ಬೆರಳಿಗಿಂತ ದಪ್ಪ. ಬಿಡಿಸಿದರೆ ಒಳಗೆ ಹತ್ತಿ ಹಾಸಿದ ಹಾಗೆ ಬಿಳಿ ಮೆತ್ತೆ, ಅದರಲ್ಲಿ ಹುದುಗಿದ ಅಗಲವಾದ ಹಸಿರು ಕಾಳು. ಗಿಡ ಹೇಗಿದೆ ಅಂತ ಕೇಳಿದೆ. ಬಳ್ಳಿಯಲ್ಲ, ನೆಟ್ಟಗೆ ನಿಲ್ಲುತ್ತೆ, ಬಿಳಿ ಹೂವಿನಲ್ಲಿ ಕರಿ ಚುಕ್ಕೆ ಅಂತ ಕೈಸನ್ನೆ ಮಾಡಿದಳು. "ಬಾಕ್ಲಾ" ಅಂದಳು. ಊರಿಂದ ಬೀಜ ತಂದು ಹಾಕಿದ್ದಂತೆ. ಭಾನುವಾರ ಅವಳು ಕಾಯಿ ಬಿಡಿಸುವಾಗ ಹುಡುಗ ಪಕ್ಕದಲ್ಲಿ ಕೂತು ಹಸಿಹಸಿಯಾಗಿ ತಿಂದಿದ್ದ. ಮಂಗಳವಾರ ಮೂತ್ರ ಕಪ್ಪಾಯಿತು. ಬುಧವಾರ ನಮ್ಮಲ್ಲಿಗೆ ಬಂದರು.

ಬಾಕ್ಲಾ ಅಂದರೆ ಫಾವಾ ಬೀನ್ಸ್, ಬ್ರಾಡ್ ಬೀನ್ಸ್ ಅಂತಲೂ ಹೇಳ್ತಾರೆ. ನಮ್ಮ ಅವರೆಗೂ ಅದಕ್ಕೂ ಹೆಸರಿನ ಗೊಂದಲ ಬಿಟ್ಟರೆ ಬೇರೇನೂ ಇಲ್ಲ, ಗಿಡದ ಜಾತಿಯೇ ಬೇರೆ. ಎಷ್ಟೋ ಕಡೆ ಇಂಗ್ಲಿಷಿನ ಬ್ರಾಡ್ ಬೀನ್ಸ್‌ಗೆ ಅವರೆ ಅಂತಲೇ ಅರ್ಥ ಕೊಟ್ಟಿರ್ತಾರೆ. ಹಾಗಾಗಿ ಸುಮ್ನೆ ಅವರೆಗೆ ಹೆದರುವವರೂ ಇದ್ದಾರೆ, ಬಾಕ್ಲಾವನ್ನು ಅವರೆ ಅಂದುಕೊಂಡು ಬಿಟ್ಟುಬಿಡುವವರೂ ಇದ್ದಾರೆ. ನಾವು ಎರಡನೆಯದನ್ನು ಮಾಡಿದ್ದೆವು.

ಈ ಕಾಳಿನಲ್ಲಿ ವೈಸಿನ್, ಕಾನ್‌ವೈಸಿನ್ ಅಂತ ಎರಡು ವಸ್ತುಗಳಿವೆ. ಎಳೆಯ ಹಸಿ ಕಾಳಿನಲ್ಲಿ ಜಾಸ್ತಿ. ಕರುಳಿನಲ್ಲಿ ಅವು ಒಡೆದು ಡೈವಿಸಿನ್, ಐಸೋಯುರಮಿಲ್ ಆಗುತ್ತವೆ. ಇವು ರಕ್ತಕ್ಕೆ ಸೇರಿ ಆಮ್ಲಜನಕದೊಂದಿಗೆ ಕೂಡಿದಾಗ ಹೈಡ್ರೋಜನ್ ಪೆರಾಕ್ಸೈಡಿನಂಥ ಸುಡುವ ವಸ್ತು ಹುಟ್ಟುತ್ತೆ. ಗಾಯಕ್ಕೆ ಹಾಕಿದಾಗ ನೊರೆ ಬರುತ್ತಲ್ವಾ, ಅದೇ. ಕೆಂಪು ಕಣ ಇದನ್ನು ಆರಿಸಲು ಗ್ಲುಟಾಥಯೋನ್ ಅನ್ನೋ ವಸ್ತುವನ್ನು ಇಟ್ಟುಕೊಂಡಿರುತ್ತೆ. ಒಂದು ಸಲ ಬಳಸಿದ ಗ್ಲುಟಾಥಯೋನ್ ಮತ್ತೆ ಕೆಲಸಕ್ಕೆ ಬರಬೇಕಾದರೆ ಎನ್‌ಎಡಿಪಿಎಚ್ ಅನ್ನೋ ಇನ್ನೊಂದು ವಸ್ತು ಬೇಕು. ಮೈಯ ಬೇರೆ ಕಣಗಳಿಗೆ ಅದನ್ನು ತಯಾರಿಸಲು ಬೇರೆ ದಾರಿಗಳಿವೆ. ಕೆಂಪು ಕಣಕ್ಕೆ ಇರೋದು ಜಿ6ಪಿಡಿಯ ದಾರಿ ಒಂದೇ. ಅದು ಕೈಕೊಟ್ಟರೆ ಹಿಮೋಗ್ಲೋಬಿನ್ ಕೆಟ್ಟು ಗಂಟುಗಂಟಾಗಿ ಕಣದ ಗೋಡೆಗೆ ಅಂಟಿಕೊಳ್ಳುತ್ತೆ. ಕೆಲವು ಕಣ ಅಲ್ಲೇ ಒಡೆಯುತ್ತೆ. ಉಳಿದವು ಗುಲ್ಮದ ಮೂಲಕ ಹಾಯುವಾಗ ಆ ಗಂಟನ್ನು ಗುಲ್ಮ ಕಿತ್ತುಹಾಕುತ್ತೆ. ನಾನು ಸ್ಲೈಡಿನಲ್ಲಿ ಕಂಡ ಕಚ್ಚಿದ ಅಂಚು ಅದೇ.

ಕಾಯಿ ನೋಡಿದ ಡಾಕ್ಟರ್ ನನ್ನನ್ನು ಕೇಳಿದರು: "ಹಾಗಾದ್ರೆ ನಿಮ್ಮ ರಿಪೋರ್ಟ್ ನಾರ್ಮಲ್ ಹೇಗೆ ಬಂತು? ಯಾವ ರಕ್ತದಲ್ಲಿ ಮಾಡಿದ್ರಿ?"

ಆ ಪ್ರಶ್ನೆ ಕೇಳಿದಾಗಲೇ ನನಗೆ ಹೊಳೆದದ್ದು. ನಾನು ಅಳೆದದ್ದು ಅರ್ಧ ಯಾರೋ ದಾನಿಯ ಕಿಣ್ವವನ್ನು. ಇನ್ನರ್ಧದಲ್ಲೂ ಹುಡುಗನ ಕಿಣ್ವ ಇಲ್ಲದ ಮುದಿ ಕಣಗಳು ಆಗಲೇ ಒಡೆದುಹೋಗಿದ್ದವು. ಕಣಕ್ಕೆ ವಯಸ್ಸಾದ ಹಾಗೆ ಈ ಕಿಣ್ವ ಕಮ್ಮಿಯಾಗುತ್ತೆ. ಆದ್ದರಿಂದ ಹೊಡೆತ ಮೊದಲು ಬೀಳೋದು ಹಳೆಯವಕ್ಕೆ. ಬದುಕಿ ಉಳಿಯೋದು ಎಳೆಯವು, ಮಜ್ಜೆಯಿಂದ ಹೊಸದಾಗಿ ಬರೋದೂ ಎಳೆಯವೇ. ಕೊರತೆಯ ಕೆಲವು ಬಗೆಗಳಲ್ಲಿ ಎಳೆಯ ಕಣದಲ್ಲೂ ಕಿಣ್ವ ಇರೋದಿಲ್ಲ, ಆಗ ಪರೀಕ್ಷೆ ಯಾವಾಗ ಮಾಡಿದರೂ ಸಿಕ್ಕಿಬೀಳುತ್ತೆ. ಉಳಿದ ಬಗೆಗಳಲ್ಲಿ ಕಾಯಿಲೆ ಜೋರಾಗಿರುವಾಗ ಬಂದ 'ನಾರ್ಮಲ್' ಅನ್ನು ನಂಬುವ ಹಾಗಿಲ್ಲ.

ರಕ್ತ ಹಾಕುವ ಮೊದಲು ತೆಗೆದಿದ್ದ ಟ್ಯೂಬು ಮಾತ್ರ ಆ ಮೂರೂ ದಿನ ನನ್ನ ಫ್ರಿಜ್‌ನಲ್ಲೇ ಇತ್ತು. ನಾನು ಕೈ ಚಾಚಿದ್ದರೆ ಸಿಗ್ತಿತ್ತು. ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ಇಡಿಟಿಎ ಟ್ಯೂಬಿನಲ್ಲಿ ತಂಪಾಗಿ ಇಟ್ಟರೆ ಈ ಕಿಣ್ವ ಕೆಲವು ದಿನ ಕೆಡೋದಿಲ್ಲ. ಅದನ್ನು ತೆಗೆದೆ. ರಕ್ತ ನೀರಾಗಿದ್ದರಿಂದ ಮೇಲಿನ ಪ್ಲಾಸ್ಮಾ ಸ್ವಲ್ಪ ತೆಗೆದು ಗಟ್ಟಿ ಮಾಡಿಕೊಂಡೆ, ಇಲ್ಲದಿದ್ದರೆ ಬಣ್ಣ ಮೋಸ ಮಾಡುತ್ತೆ. ಇದ್ದಷ್ಟು ರಕ್ತಕ್ಕೆ ತಕ್ಕ ಹಾಗೆ ಅಳತೆಯನ್ನೆಲ್ಲ ಇಳಿಸಿದೆ. ಮೂರು ಗಂಟೆ ಕಾದ ಮೇಲೆ ಬಂದ ಬಣ್ಣ ಪೂರ್ತಿ ಕೆಂಪೂ ಅಲ್ಲ, ಪೂರ್ತಿ ಕಂದೂ ಅಲ್ಲ, ನಡುವಿನದು. ನಾರ್ಮಲ್ ಅಂತೂ ಅಲ್ಲ.

ಹಳೆಯ ರಿಪೋರ್ಟನ್ನು ವಾಪಸ್ ತೆಗೆದುಕೊಂಡು ಹೊಸದು ಬರೆದೆ. ಅದರಲ್ಲಿ ರಕ್ತ ಹಾಕುವ ಮೊದಲಿನ ಸ್ಯಾಂಪಲ್ ಅಂತ ಸ್ಪಷ್ಟವಾಗಿ ಬರೆದು, ನಾಲ್ಕು ತಿಂಗಳ ನಂತರ ಮತ್ತೆ ಮಾಡಬೇಕು ಅಂತ ಸೇರಿಸಿದೆ. ಮೂರು ತಿಂಗಳಾದರೂ ಬಿಡಬೇಕು ಅನ್ನೋದು ವಾಡಿಕೆ. ಆದರೆ ಕೆಂಪು ಕಣ ಸುಮಾರು 120 ದಿನ ಬದುಕುತ್ತೆ. ರಕ್ತ ಹಾಕಿದ್ದರಿಂದ ದಾನಿಯ ಕಣಗಳೆಲ್ಲ ಮುಗಿಯಲಿ ಅಂತ ಒಂದು ತಿಂಗಳು ಜಾಸ್ತಿ ಕೊಟ್ಟೆವು. ಈಗ ನಮ್ಮಲ್ಲಿ ಜಿ6ಪಿಡಿ ಚೀಟಿ ಬಂದರೆ ನಾನು ಸಿರಿಂಜ್ ಮುಟ್ಟುವ ಮೊದಲು ಎರಡು ಪ್ರಶ್ನೆ ಕೇಳ್ತೀನಿ. ರಕ್ತ ಹಾಕಿದ್ದಾರಾ? ಮೂತ್ರ ಕಪ್ಪಾಗಿ ಎಷ್ಟು ದಿನ ಆಯ್ತು? ಉತ್ತರ ಎರಡೂ ರಿಪೋರ್ಟಿನ ಮೇಲೆ ಹೋಗುತ್ತೆ. ಕಪ್ಪು ಮೂತ್ರದ ಮಗುವಿನ ಮೊದಲ ಟ್ಯೂಬನ್ನು ವಾರ ಕಳೆಯೋ ತನಕ ಎಸೆಯೋದಿಲ್ಲ.

ಹುಡುಗ ಆರನೇ ದಿನ ಮನೆಗೆ ಹೋದ. ಮೂತ್ರ ತಿಳಿಯಾಗಿತ್ತು, ಹಿಮೋಗ್ಲೋಬಿನ್ 8.9ಕ್ಕೆ ಬಂದಿತ್ತು.

ಜೂನ್‌ನಲ್ಲಿ, ಮಳೆ ಹಿಡಿದ ಮೇಲೆ, ತಾಯಿ ಹೇಳಿದ ದಿನಕ್ಕೇ ಬಂದಳು. ಕಂಕುಳಲ್ಲಿ ಎಂಟು ತಿಂಗಳ ಇನ್ನೊಂದು ಗಂಡುಮಗು. ದೊಡ್ಡವನ ಟ್ಯೂಬು ಈ ಸಲ ಅನುಮಾನಕ್ಕೆ ಎಡೆಯಿಲ್ಲದಷ್ಟು ಕಂದಾಯಿತು. ಈ ಕಿಣ್ವದ ಜೀನ್ ಇರೋದು ಎಕ್ಸ್ ಕ್ರೋಮೋಸೋಮಿನಲ್ಲಿ. ಗಂಡುಮಗುವಿಗೆ ಇರೋದು ಒಂದೇ ಎಕ್ಸ್, ಅದು ಬರೋದು ತಾಯಿಯಿಂದ. ತಾಯಿಯ ಎರಡರಲ್ಲಿ ಒಂದರಲ್ಲಿ ದೋಷವಿದ್ದರೆ ಪ್ರತಿ ಗಂಡುಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಅದಕ್ಕೇ ಚಿಕ್ಕವನ ರಕ್ತವನ್ನೂ ತೆಗೆದುಕೊಂಡೆ.

ಹುಡುಗನಿಂದ ದೂರ ಇಡಬೇಕಾದ್ದನ್ನೆಲ್ಲ ಡಾಕ್ಟರ್ ಒಂದು ಕಾರ್ಡಿನಲ್ಲಿ ಬರೆದುಕೊಟ್ಟರು, ಹಿಂದಿಯಲ್ಲಿ. ಮೊದಲ ಸಾಲಿನಲ್ಲಿ ಬಾಕ್ಲಾ. ಆಮೇಲೆ ಪ್ರೈಮಾಕ್ವಿನ್, ಡ್ಯಾಪ್ಸೋನ್, ನೈಟ್ರೋಫ್ಯುರಾಂಟೊಯಿನ್ ಅನ್ನೋ ಔಷಧಿಗಳು, ನುಸಿಗುಳಿಗೆ. ಪ್ರೈಮಾಕ್ವಿನ್ ಹೆಸರಿನ ಕೆಳಗೆ ಎರಡು ಗೆರೆ ಎಳೆದರು. ಇವರ ಊರ ಕಡೆ ಮಲೇರಿಯಾ ಇದೆ. ವೈವಾಕ್ಸ್ ಮಲೇರಿಯಾಗೆ ಅದನ್ನೇ 14 ದಿನ ಕೊಡ್ತಾರೆ. ಕಾಳಿನಿಂದ ಆದದ್ದು ಮಾತ್ರೆಯಿಂದಲೂ ಆಗಬಹುದು.

ಮೊಲೆ ಕುಡಿಯುವ ಮಗುವಿಗೂ ಇದು ಮುಟ್ಟುತ್ತಾ ಅಂತ ತಾಯಿ ಕೇಳಿದಳು. ತಾಯಿ ಬಾಕ್ಲಾ ತಿಂದರೆ ಹಾಲಿನ ಮೂಲಕವೂ ಮಗುವಿಗೆ ಹೋಗಬಹುದು ಅಂತ ಮೇಸ್ತ್ರಿ ಅವಳಿಗೆ ತಿಳಿಸಿದರು. ಗಿಡವನ್ನೆಲ್ಲ ಆಗಲೇ ಕಿತ್ತು ಹಾಕಿದ್ದೀನಿ, ಬೀಜಕ್ಕೆ ಇಟ್ಟಿದ್ದನ್ನೂ ಒಲೆಗೆ ಹಾಕಿದೆ ಅಂದಳು.

ಸಂಜೆ ನಾಲ್ಕೂವರೆಗೆ ಚಿಕ್ಕವನ ಟ್ಯೂಬು ತೆಗೆದು ನೀರಿಗೆ ಹಾಕಿ ಕಿಟಕಿಯ ಬೆಳಕಿಗೆ ಹಿಡಿದೆ. ಅದೂ ಕಂದು. ಒಳಗೆ ಹೋಗಿ ಡಾಕ್ಟರಿಗೆ ಇನ್ನೊಂದು ಕಾರ್ಡ್ ಬರೆಯಲು ಹೇಳಿದೆ.