ಮರುಮೌಲ್ಯಮಾಪನದ ನಂತರದ ಸವಕಳಿ: ಒಂದು ಕಾರ್ಖಾನೆ ಕಟ್ಟಡದ ಲೆಕ್ಕ

ಖಾಸಗಿ ತಯಾರಿಕಾ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುವ ನನಗೆ, ಸ್ಥಿರಾಸ್ತಿಯ ಮೌಲ್ಯವನ್ನು ಪುಸ್ತಕದಲ್ಲಿ ಏರಿಸುವ ದಿನದ ನಮೂದಿಗಿಂತ, ಆನಂತರ ವರ್ಷ ವರ್ಷವೂ ಬರುವ ಸವಕಳಿಯಲ್ಲೇ ಹೆಚ್ಚು ಗೊಂದಲ ಕಂಡಿದೆ. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ದುಂಡಾಗಿಸಿ, ಉಳಿಕೆ ಮೌಲ್ಯವನ್ನು ಸೊನ್ನೆ ಎಂದಿಟ್ಟುಕೊಂಡು ಒಂದು ಕಟ್ಟಡದ ಉದಾಹರಣೆಯನ್ನು ಇಲ್ಲಿ ಪೂರ್ತಿಯಾಗಿ ಬಿಡಿಸುತ್ತೇನೆ.

ಕಾರ್ಖಾನೆ ಕಟ್ಟಡದ ಮೂಲ ವೆಚ್ಚ 180 ಲಕ್ಷ ರೂಪಾಯಿ. ಕಂಪನಿ ಕಾಯ್ದೆಯ ಎರಡನೆಯ ಅನುಸೂಚಿಯಂತೆ ಅದರ ಆಯುಷ್ಯ 30 ವರ್ಷ. ಹಾಗಾಗಿ ವರ್ಷಕ್ಕೆ 6 ಲಕ್ಷ ಸವಕಳಿ. 10 ವರ್ಷ ಮುಗಿದ ಮಾರ್ಚ್ 31ರಂದು ಮೌಲ್ಯಮಾಪಕರು ಕಟ್ಟಡಕ್ಕೆ 200 ಲಕ್ಷ ಬೆಲೆ ಕಟ್ಟಿದ್ದಾರೆ. ಮೊದಲು ಆ ವರ್ಷದ ಸವಕಳಿಯನ್ನು ಹಳೆಯ ದರದಲ್ಲೇ ಹಾಕಿ ಮುಗಿಸಬೇಕು. ಆಗ ಒಟ್ಟು ಸವಕಳಿ 60 ಲಕ್ಷ, ಪುಸ್ತಕ ಮೌಲ್ಯ 120 ಲಕ್ಷ. ವರದಿಯಲ್ಲಿ ಜಾಗ ಮತ್ತು ಕಟ್ಟಡಕ್ಕೆ ಸೇರಿಸಿ ಒಂದೇ ಮೊತ್ತ ಕೊಟ್ಟಿದ್ದರೆ ಅದನ್ನು ಬಿಡಿಸಿ ಕೊಡುವಂತೆ ಆಗಲೇ ಕೇಳಿಬಿಡಬೇಕು, ಏಕೆಂದರೆ ಸ್ವಂತ ಜಾಗಕ್ಕೆ ಸವಕಳಿ ಇಲ್ಲ, ಕಟ್ಟಡಕ್ಕೆ ಇದೆ. ಅಲ್ಲದೆ ಇರುವ ಕಟ್ಟಡಗಳಲ್ಲಿ ಬೆಲೆ ಏರಿದ್ದನ್ನು ಮಾತ್ರ ಆರಿಸಿಕೊಳ್ಳುವಂತಿಲ್ಲ. ಆ ವರ್ಗದ ಎಲ್ಲ ಆಸ್ತಿಗಳನ್ನೂ ಮರುಮೌಲ್ಯಮಾಪನಕ್ಕೆ ಒಳಪಡಿಸಬೇಕು.

ನಮೂದನ್ನು ಎರಡು ಹೆಜ್ಜೆಗಳಲ್ಲಿ ಮಾಡುವುದು ನನಗೆ ಸ್ಪಷ್ಟವೆನಿಸುತ್ತದೆ. ಸಂಚಿತ ಸವಕಳಿ ಖಾತೆಗೆ 60 ಲಕ್ಷ ಡೆಬಿಟ್ ಮಾಡಿ ಕಟ್ಟಡದ ಖಾತೆಗೆ ಕ್ರೆಡಿಟ್ ಮಾಡಿದರೆ ಕಟ್ಟಡ 120 ಲಕ್ಷಕ್ಕೆ ಇಳಿಯುತ್ತದೆ. ನಂತರ ಕಟ್ಟಡಕ್ಕೆ 80 ಲಕ್ಷ ಡೆಬಿಟ್, ಮರುಮೌಲ್ಯಮಾಪನ ಮೀಸಲಿಗೆ 80 ಲಕ್ಷ ಕ್ರೆಡಿಟ್. ಈ 80 ಲಕ್ಷ ಲಾಭ-ನಷ್ಟ ಖಾತೆಯನ್ನು ಮುಟ್ಟುವುದಿಲ್ಲ. ಕೈಗೆ ಬಂದ ಹಣವಲ್ಲವಾದ್ದರಿಂದ ಅದರಿಂದ ಲಾಭಾಂಶ ಹಂಚುವಂತಿಲ್ಲ, ಬೋನಸ್ ಷೇರು ಕೊಡುವಂತಿಲ್ಲ, ಕಾಯ್ದೆಯ ಪ್ರಕಾರ ನಿವ್ವಳ ಮೌಲ್ಯ ಲೆಕ್ಕ ಹಾಕುವಾಗಲೂ ಅದು ಸೇರುವುದಿಲ್ಲ.

ಮರುವರ್ಷದ ಸವಕಳಿ ಎಷ್ಟು? 200 ಲಕ್ಷವನ್ನು ಉಳಿದ 20 ವರ್ಷಗಳಿಗೆ ಹಂಚಿದರೆ 10 ಲಕ್ಷ. ಸ್ಥಿರಾಸ್ತಿ ರಿಜಿಸ್ಟರಿನ ಎಕ್ಸೆಲ್ ಹಾಳೆಯಲ್ಲಿ ಹಳೆಯ 30 ವರ್ಷವೇ ಉಳಿದುಬಿಟ್ಟರೆ ಉತ್ತರ 6.67 ಲಕ್ಷ ಬರುತ್ತದೆ. ಹಳೆಯ 6 ಲಕ್ಷಕ್ಕಿಂತ ಜಾಸ್ತಿ ಇರುವುದರಿಂದ ಮೇಲ್ನೋಟಕ್ಕೆ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಆ ದರದಲ್ಲಿ ಹೋದರೆ, ಕಟ್ಟಡದ ಆಯುಷ್ಯ ಮುಗಿಯುವ ದಿನ ಪುಸ್ತಕದಲ್ಲಿ ಇನ್ನೂ 66 ಲಕ್ಷಕ್ಕೂ ಮಿಕ್ಕಿ ಉಳಿದಿರುತ್ತದೆ.

ಈ 10 ಲಕ್ಷವೂ ಲಾಭ-ನಷ್ಟ ಖಾತೆಗೇ ಹೋಗಬೇಕು. ಹಿಂದೆ ಹೆಚ್ಚುವರಿ 4 ಲಕ್ಷವನ್ನು ಮೀಸಲಿನಿಂದ ತಂದು ಲಾಭ-ನಷ್ಟ ಖಾತೆಯಲ್ಲೇ ಸರಿದೂಗಿಸುವ ರೂಢಿಯಿತ್ತು. 2016ರಲ್ಲಿ ಪರಿಷ್ಕೃತವಾದ ಲೆಕ್ಕಪತ್ರ ಮಾನದಂಡ 10ರಲ್ಲಿ ಅದಕ್ಕೆ ಅವಕಾಶವಿಲ್ಲ. ಆ 4 ಲಕ್ಷವನ್ನು ಮರುಮೌಲ್ಯಮಾಪನ ಮೀಸಲಿನಿಂದ ನೇರವಾಗಿ ಸಾಮಾನ್ಯ ಮೀಸಲಿಗೆ ವರ್ಗಾಯಿಸಬಹುದು. "ಆಸ್ತಿಯ ಬೆಲೆ ಏರಿಸಿದ ಮೇಲೆ ಲಾಭ ಯಾಕ್ರೀ ಕಡಿಮೆಯಾಯ್ತು?" ಎಂದು ನಿರ್ದೇಶಕರು ಕೇಳುವುದು ಇಲ್ಲೇ. ಕಟ್ಟಡ ಹೆಚ್ಚು ಬೆಲೆಯದ್ದಾದರೆ ಅದನ್ನು ಒಂದು ವರ್ಷ ಬಳಸಿದ ಖರ್ಚೂ ಹೆಚ್ಚು ಎಂಬುದೇ ಉತ್ತರ, ಮತ್ತು ಈ ಮಾತನ್ನು ಮರುಮೌಲ್ಯಮಾಪನದ ನಿರ್ಣಯ ಆಗುವ ಮೊದಲೇ ಅವರ ಮುಂದಿಡುವುದು ಲೆಕ್ಕಪತ್ರ ವಿಭಾಗದ ಕರ್ತವ್ಯ ಎಂದು ನಾನು ನಂಬಿದ್ದೇನೆ. ಆದಾಯ ತೆರಿಗೆಯಲ್ಲೂ ಈ ಹೆಚ್ಚುವರಿ ಸವಕಳಿಯಿಂದ ಪ್ರಯೋಜನವಿಲ್ಲ. ಅಲ್ಲಿ ಮೂಲ ವೆಚ್ಚದ ಲೆಕ್ಕವೇ ಮುಂದುವರಿಯುತ್ತದೆ.

ಪ್ರತಿವರ್ಷ ವರ್ಗಾವಣೆ ಮಾಡುವ ಕಂಪನಿಗೆ ಒಂದು ಒಳ್ಳೆಯ ತಾಳೆ ಇದೆ. ಮರುಮೌಲ್ಯಮಾಪನವೇ ಆಗಿರದಿದ್ದರೆ ಕಟ್ಟಡದ ಪುಸ್ತಕ ಮೌಲ್ಯ ಎಷ್ಟಿರುತ್ತಿತ್ತು ಎಂಬ ಅಂಕಣವನ್ನೂ ರಿಜಿಸ್ಟರಿನಲ್ಲಿ ಮುಂದುವರಿಸಿಕೊಂಡು ಹೋಗಬೇಕು. 5 ವರ್ಷದ ನಂತರ ಹೊಸ ಲೆಕ್ಕದಲ್ಲಿ ಅದು 150 ಲಕ್ಷ, ಹಳೆಯ ಲೆಕ್ಕದಲ್ಲಿ 90 ಲಕ್ಷ. ವ್ಯತ್ಯಾಸ 60 ಲಕ್ಷ. ಮೀಸಲಿನಲ್ಲೂ 80ರಿಂದ 20 ಕಳೆದು 60 ಲಕ್ಷವೇ ಇರಬೇಕು. ಇಲ್ಲವಾದರೆ ಸವಕಳಿಯಲ್ಲೋ ವರ್ಗಾವಣೆಯಲ್ಲೋ ತಪ್ಪಾಗಿದೆ ಎಂದರ್ಥ.

ಈ ತಾಳೆಯನ್ನು ಒಂದೊಂದು ಆಸ್ತಿಗೂ ಬೇರೆ ಬೇರೆಯಾಗಿ ಇಡುವುದು ಏಕೆ ಮುಖ್ಯವೆಂಬುದು ಬೆಲೆ ಇಳಿದಾಗ ಗೊತ್ತಾಗುತ್ತದೆ. ಅದೇ ಐದನೆಯ ವರ್ಷ ಕಟ್ಟಡವನ್ನು ಮತ್ತೆ ಮೌಲ್ಯಮಾಪನ ಮಾಡಿಸಿ ಬೆಲೆ 80 ಲಕ್ಷವೆಂದು ಬಂದರೆ ಇಳಿಕೆ 70 ಲಕ್ಷ. ಇದರಲ್ಲಿ 60 ಲಕ್ಷವನ್ನು ಆ ಕಟ್ಟಡದ್ದೇ ಮೀಸಲಿನಿಂದ ಕಳೆದು, ಉಳಿದ 10 ಲಕ್ಷವನ್ನು ಲಾಭ-ನಷ್ಟ ಖಾತೆಗೆ ಖರ್ಚು ಹಾಕಬೇಕು. ಪಕ್ಕದ ಜಾಗದ ಮೀಸಲಿನಲ್ಲಿ ಎಷ್ಟೇ ಹಣವಿದ್ದರೂ ಅದನ್ನು ಇದಕ್ಕೆ ಬಳಸುವಂತಿಲ್ಲ.